ಡಿಮೆನ್ಶಿಯಾ ಇರೋ ಹಿರಿಯರಿಗೆ ಹಳೇ ವಾಸನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೇಲಿ ಮರೆವಿನ ಕಾಯಿಲೆ ಇರೋರನ್ನ ನೋಡ್ಕೊಳ್ಳೋರು ಮಾತಿಗೆ ಸಿಕ್ಕಾಗ್ಲೆಲ್ಲ, ಮೆಸೇಜಲ್ಲೂ, ತಿರುಗಿ ತಿರುಗಿ ಕೇಳೋ ಪ್ರಶ್ನೆಗಳಿವು. ಅವರು ಕೇಳಿದ ಹಂಗೇ ಇಟ್ಟಿದ್ದೀನಿ. ನಿಮಗೆ ಬೇಕಾದ್ದಕ್ಕೆ ನೇರ ಹೋಗಿ, ಎಲ್ಲಾ ಓದ್ಲೇಬೇಕು ಅಂತೇನಿಲ್ಲ.

## ಶುರುವಲ್ಲಿ ಕೇಳೋದು

ಹಳೇ ವಾಸನೆ ಮೂಸಿದ್ರೆ ಅಮ್ಮಂಗೆ ನೆನಪು ವಾಪಸ್ ಬರತ್ತಾ?

ಇಲ್ಲ. ಕಾಯಿಲೆ ನಿಲ್ಲಲ್ಲ, ನಿಧಾನವೂ ಆಗಲ್ಲ, ನಿನ್ನೆ ಮರೆತಿದ್ದು ಇವತ್ತು ನೆನಪಾಗಲ್ಲ. ಆಗೋದು ಏನಪ್ಪಾ ಅಂದ್ರೆ, ಸರಿಯಾದ ವಾಸನೆ ಸಿಕ್ಕಿದಾಗ ಒಂದೈದು ಹತ್ತು ನಿಮಿಷ ಮುಖ ಸಡಿಲ ಆಗತ್ತೆ, ಕೈ ತಿರುಚೋದು ನಿಲ್ಲತ್ತೆ, ಕೆಲವೊಮ್ಮೆ ಎಲ್ಲೋ ಹುದುಗಿದ್ದ ಒಂದು ಹಳೇ ಮಾತು ಹೊರಗೆ ಬರತ್ತೆ. ಆಮೇಲೆ ಅದೂ ಹೋಗತ್ತೆ. ಆ ಹತ್ತು ನಿಮಿಷಕ್ಕೋಸ್ಕರ ಮಾಡೋದು ಅಂತ ಇಟ್ಕೊಂಡ್ರೆ ಸರಿ. ಮಗಳ ಹೆಸರು ಹೇಳ್ಲಿ ಅಂತ ಕಾಯ್ತಾ ಕೂತ್ರೆ ಇಬ್ರಿಗೂ ಬೇಜಾರು.

ಫೋಟೋ ಆಲ್ಬಮ್ ತೋರಿಸ್ತೀವಲ್ಲ, ಅದು ಸಾಲದಾ? ವಾಸನೆನೇ ಯಾಕೆ?

ಆಲ್ಬಮ್ ಬಿಡಬೇಡಿ, ಆದ್ರೆ ಎರಡೂ ಬೇರೆ ಬೇರೆ ವಯಸ್ಸನ್ನ ಮುಟ್ಟತ್ತೆ. ಕಣ್ಣು, ಕಿವಿಯಿಂದ ಬರೋದೆಲ್ಲ ಮೆದುಳಿನ ನಡುವೆ ಇರೋ ಥಲಾಮಸ್ ಅನ್ನೋ ಜಾಗ ದಾಟಿ ಮುಂದೆ ಹೋಗಬೇಕು. ವಾಸನೆ ಹಂಗಲ್ಲ, ಮೂಗಿನ ಮೇಲ್ಗಡೆ, ಮೆದುಳಿನ ತಳದಲ್ಲಿ ವಾಸನೆಗೇ ಅಂತ ಇರೋ ಪುಟ್ಟ ಭಾಗದಿಂದ ಅದು ಹೆಚ್ಚುಕಮ್ಮಿ ನೇರವಾಗಿ ಭಾವನೆ ಮತ್ತೆ ನೆನಪಿನ ಭಾಗಗಳಿಗೆ ತಲುಪತ್ತೆ. ಅದಕ್ಕೇ ವಾಸನೆ ಬಂದಾಗ ಇದೇನು ಅಂತ ಗೊತ್ತಾಗೋಕೆ ಮುಂಚೆನೇ ಒಳಗೆ ಏನೋ ಆಗಿರತ್ತೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ, ಈ ಪುಟದಲ್ಲಿ ಒಂದೇ ನೆನಪಿಟ್ಕೋತೀನಿ ಅಂದ್ರೆ ಇದನ್ನ ಇಟ್ಕೊಳ್ಳಿ. ಆರೋಗ್ಯವಾಗಿರೋ ವಯಸ್ಸಾದವರ ಮೇಲೆ ನಡೆದ ಅಧ್ಯಯನಗಳಲ್ಲಿ, ಪದ ಅಥವಾ ಚಿತ್ರ ಕೊಟ್ರೆ ಹೆಚ್ಚಾಗಿ ಹರೆಯದ ನೆನಪು ಬಂತು, ಅಂದ್ರೆ 10 ದಾಟಿದ ಮೇಲಿಂದು, ಆದ್ರೆ ವಾಸನೆ ಕೊಟ್ಟಾಗ 10 ವರ್ಷದೊಳಗಿನ ನೆನಪು ಜಾಸ್ತಿ ಬಂತು. ಅಂದ್ರೆ ವಾಸನೆ ಹೋಗಿ ತಟ್ಟೋದು ಚಿಕ್ಕಂದಿನ ಬಾಗಿಲನ್ನ. ನೀವು ನೋಡಿರೋ ಅಮ್ಮನ ಬಾಗಿಲಲ್ಲ, ನೀವು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಇದ್ದ ಹುಡುಗಿಯ ಬಾಗಿಲು.

ನಮ್ಮಪ್ಪಂಗೆ ವಾಸನೆನೇ ಗೊತ್ತಾಗಲ್ಲ ಅನ್ಸತ್ತೆ. ಹಂಗಿದ್ರೆ ಇದೆಲ್ಲ ವೇಸ್ಟಾ?

ಆಗಬಹುದು, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಅಲ್ಜೈಮರ್ಸ್ ಮೊದಮೊದಲು ಕೈ ಹಾಕೋ ಜಾಗಗಳಲ್ಲಿ ವಾಸನೆಯ ದಾರಿಯೂ ಒಂದು. ಪಾರ್ಕಿನ್ಸನ್ಸ್, ಲೂಯಿ ಬಾಡಿ ಡಿಮೆನ್ಶಿಯಾ ಇರೋರಲ್ಲಂತೂ ಬೇರೆ ಲಕ್ಷಣ ಕಾಣೋಕೆ ವರ್ಷಗಟ್ಟಲೆ ಮುಂಚೆನೇ ಮೂಗು ಮಂದ ಆಗಿರೋದು ಸಾಮಾನ್ಯ. ವಯಸ್ಸು, ಬೀಡಿ ಸಿಗರೇಟು, ಸೈನಸ್, ಕೋವಿಡ್ ಇವೂ ಸೇರ್ಕೊಳ್ಳತ್ತೆ.

ಆದ್ರೆ ಇಲ್ಲಿ ಎರಡು ಬೇರೆ ವಿಷಯ ಇದೆ. ಏನೋ ವಾಸನೆ ಬರ್ತಿದೆ ಅಂತ ಗೊತ್ತಾಗೋದು ಒಂದು, ಅದರ ಹೆಸರು ಹೇಳೋದು ಇನ್ನೊಂದು. ಅಲ್ಜೈಮರ್ಸ್ ಶುರುವಲ್ಲಿ ಸಾಮಾನ್ಯವಾಗಿ ಜಾಸ್ತಿ ಹೊಡೆತ ಬೀಳೋದು ಎರಡನೇದಕ್ಕೆ. ಹಂಗಾಗಿ "ಇದು ಕಾಫಿ" ಅಂತ ಹೇಳ್ಲಿಲ್ಲ ಅಂದ ತಕ್ಷಣ ಮೂಗು ಹೋಗಿದೆ ಅಂತ ತೀರ್ಮಾನ ಮಾಡಬೇಡಿ.

ಮನೇಲೇ ನೋಡೋದು ಹೀಗೆ. ಒಂದೇ ಥರದ ಎರಡು ಡಬ್ಬಿ ತಗೊಳ್ಳಿ, ಒಂದ್ರಲ್ಲಿ ಕಾಫಿ ಪುಡಿ, ಇನ್ನೊಂದು ಖಾಲಿ. ಏನೂ ಹೇಳದೆ ಮೊದ್ಲು ಖಾಲಿದು, ಸ್ವಲ್ಪ ಹೊತ್ತು ಬಿಟ್ಟು ಕಾಫಿದು ಮೂಗಿನ ಹತ್ರ ಹಿಡೀರಿ. ಉಸಿರು ನೋಡಿ, ಮುಖ ನೋಡಿ. ಒಂದು ಸಲ ಉದ್ದಕ್ಕೆ ಎಳ್ಕೊಳ್ಳೋದು, ಹುಬ್ಬು ಏರೋದು, ತಲೆ ಮುಂದಕ್ಕೆ ಬರೋದು ಅಥವಾ ಹಿಂದಕ್ಕೆ ಹೋಗೋದು, ಇವು ಕಾಫಿ ಡಬ್ಬಿಗೆ ಮಾತ್ರ ಆದ್ರೆ ಮೂಗು ಕೆಲಸ ಮಾಡ್ತಿದೆ ಅಂತ ಲೆಕ್ಕ. ಬೇರೆ ದಿನ ಅದಲು ಬದಲು ಮಾಡಿ ನೋಡಿ, ಯಾಕಂದ್ರೆ ಒಂದು ಸಲ ಆಗಿದ್ದು ಕಾಕತಾಳೀಯ ಇರಬಹುದು.

ಈ ಪರೀಕ್ಷೆಗೆ ನೋವಿನ ಮುಲಾಮು, ನೀಲಗಿರಿ ಎಣ್ಣೆ, ಕರ್ಪೂರ ತಗೋಬೇಡಿ. ಅವು ವಾಸನೆಯ ನರದ ಜೊತೆಗೆ ಮುಖದ ಸ್ಪರ್ಶದ ನರಕ್ಕೂ ಚುರುಕು ಮುಟ್ಟಿಸತ್ತೆ, ವಾಸನೆ ಪೂರ್ತಿ ಹೋದವರೂ ಅದಕ್ಕೆ ಮುಖ ಕಿವುಚ್ತಾರೆ. ನೀವು ಮೂಗು ಸರಿ ಇದೆ ಅಂದ್ಕೊಂಡು ಮೋಸ ಹೋಗ್ತೀರಿ.

ನಿಜವಾಗ್ಲೂ ಏನೂ ಗೊತ್ತಾಗ್ತಿಲ್ಲ ಅಂತಾದ್ರೆ ಇದನ್ನ ಬಿಟ್ಟು ಹಾಡು, ಸ್ಪರ್ಶದ ಕಡೆ ಹೋಗಿ. ಜೊತೆಗೆ ಗ್ಯಾಸ್ ಲೀಕಾದ್ರೂ ಹೊಗೆ ಬಂದ್ರೂ ಅವರಿಗೆ ತಿಳಿಯಲ್ಲ ಅಂತ ಮನೆಯವರೆಲ್ಲ ತಲೇಲಿ ಇಟ್ಕೋಬೇಕು.

## ಯಾವ ವಾಸನೆ ಅನ್ನೋದು

ಅಮ್ಮ ಯಾವಾಗ್ಲೂ ಹಾಕ್ತಿದ್ದ ಸೆಂಟನ್ನೇ ಹುಡುಕಿ ತಂದೆ, ಏನೂ ಆಗ್ಲಿಲ್ಲ. ಯಾಕೆ?

ಯಾಕಂದ್ರೆ ಅದು ನಿಮ್ಮ ಬಾಲ್ಯದ ವಾಸನೆ, ಅವರದ್ದಲ್ಲ. ಎಲ್ರೂ ಇಲ್ಲೇ ಎಡವೋದು. ಮಕ್ಕಳಿಗೆ ಅಮ್ಮ ಅಂದ್ರೆ ಆ ಸೆಂಟು, ಆ ಪೌಡರು, ಸರಿನೇ, ಆದ್ರೆ ಅವರು ಅದನ್ನ ಶುರು ಮಾಡಿದ್ದೇ ಇಪ್ಪತ್ತೈದೋ ಮೂವತ್ತೋ ಆದ್ಮೇಲೆ ಇರತ್ತೆ. ಮೇಲಾಗಿ ದಿನಾ ಮೈಮೇಲೆ ಹಾಕ್ಕೊಳ್ಳೋ ವಾಸನೆ ಹಾಕ್ಕೊಂಡವರಿಗೇ ಗೊತ್ತಾಗಲ್ಲ, ಮೂಗು ಒಗ್ಗಿಹೋಗಿರತ್ತೆ.

ನಮ್ಮ ದೊಡ್ಡಮ್ಮಂದೇ ಹೇಳ್ತೀನಿ. ಎಂಬತ್ತು ದಾಟಿದೆ, ಅಲ್ಜೈಮರ್ಸ್ ನಡುವಿನ ಹಂತ, ಸಂಜೆ ಆದ್ರೆ "ಮನೆಗೆ ಹೋಗ್ಬೇಕು" ಅಂತ ಬಾಗಿಲ ಹತ್ರ ನಿಲ್ತಾರೆ, ಇರೋದು ಅವರದ್ದೇ ಮನೇಲಿ. ಅವರ ಮಗಳು ಗುಲಾಬಿ ಸೆಂಟು ತಂದ್ಲು, ಹಳೇ ಫೇಸ್ ಪೌಡರ್ ತಂದ್ಲು. ದೊಡ್ಡಮ್ಮ ನಯವಾಗಿ ಮೂಸಿ "ಚೆನ್ನಾಗಿದೆ" ಅಂತ ವಾಪಸ್ ಕೊಡೋರು, ಅಂಗಡೀಲಿ ಸ್ಯಾಂಪಲ್ ನೋಡಿದ ಹಂಗೆ. ಆಮೇಲೆ ಅವರ ತಮ್ಮ, ನಮ್ಮ ಮಾಮ, ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಹೇಳಿದ್ರು, ನಮ್ಮಪ್ಪ ಬಡಗಿ ಕೆಲಸ ಮಾಡೋರು, ಅಂಗಳದಲ್ಲೇ ಕೆಲಸದ ಕೊಟ್ಟಿಗೆ, ಅಕ್ಕ ಇಡೀ ದಿನ ಅಪ್ಪ ಮರ ಹೆರೆಯೋ ಕಡೆನೇ ಕೂತಿರೋಳು ಅಂತ. ಇದು ಮಗಳಿಗೆ ಗೊತ್ತೇ ಇರ್ಲಿಲ್ಲ, ಆ ತಾತ ಅವಳು ಹುಟ್ಟೋ ಮುಂಚೆನೇ ಹೋಗಿದ್ರು.

ಬಡಗಿ ಹತ್ರ ಹೋಗಿ ಪಾಲಿಶ್ ಮುಟ್ಟದ ಹಸಿ ಮರದ ಸಿಪ್ಪೆ, ಆ ಸುರುಳಿ ಸುರುಳಿ ಬರತ್ತಲ್ಲ ಅದು, ಒಂದು ಹಿಡಿ ತಂದು ಡಬ್ಬಿಗೆ ಹಾಕಿದ್ವಿ. ಪಾಲಿಶ್ ಬಿದ್ದಿದ್ರೆ ಸಾಲ್ವೆಂಟ್ ವಾಸನೆ ಮರದ್ದನ್ನ ನುಂಗತ್ತೆ, ಒಳ್ಳೇದೂ ಅಲ್ಲ. ಪುಡಿ ಹೊಟ್ಟೂ ಬೇಡ, ಉಸಿರಲ್ಲಿ ಹೋಗತ್ತೆ. ಸಂಜೆ ಗಲಾಟೆ ಶುರುವಾಗೋಕೆ ಒಂದರ್ಧ ಗಂಟೆ ಮುಂಚೆ, ಟೀವಿ ಆಫ್ ಮಾಡಿ, ಪಕ್ಕ ಕೂತು ಹಿಡಿದ್ವಿ. ಮೊದ್ಲು ಏನೂ ಇಲ್ಲ. ಡಬ್ಬಿ ತೆಗೆದು ಸುಮ್ನೆ ಕೂತಿದ್ವಿ. ಸುಮಾರು ಒಂದು ನಿಮಿಷ ಆದ್ಮೇಲೆ ದೊಡ್ಡಮ್ಮ ಎಡಗೈಯಿಂದ ತೊಡೆ ಮೇಲೆ ಬಟ್ಟೆನ ಒರೆಸೋಕೆ ಶುರು ಮಾಡಿದ್ರು, ಏನೋ ಕೊಡವೋ ಥರ, ಮತ್ತೆ ಮತ್ತೆ, ಮಂಡಿ ಕಡೆಗೆ. ಮಾಮಂಗೆ ವೀಡಿಯೋ ಕಳಿಸಿದ್ರೆ ಅವರು ತಕ್ಷಣ ಗುರುತು ಹಿಡಿದ್ರು, ಸಿಪ್ಪೆ ಕೊಡವದೆ ಒಳಗೆ ಬಂದ್ರೆ ಅವರಮ್ಮ ಬೈಯೋರಂತೆ. ಬಾಯಲ್ಲಿ ಅಪ್ಪ ಅನ್ಲಿಲ್ಲ, ಬಡಗಿ ಅನ್ಲಿಲ್ಲ. ಕೈಗೆ ಗೊತ್ತಿತ್ತು. ಆವತ್ತು ಬಾಗಿಲ ಹತ್ರ ಹೋದ್ರು, ಆದ್ರೆ ಕರೆದ್ರೆ ವಾಪಸ್ ಬಂದು ಕೂತ್ರು. ಎಲ್ಲಾ ಸಂಜೆನೂ ಹೀಗಾಗಲ್ಲ, ಕೆಲವು ದಿನ ಡಬ್ಬಿನ ತಳ್ಳಿಬಿಡ್ತಾರೆ.

ಅವರ ಬಾಲ್ಯ ನೋಡಿದವರು ಯಾರೂ ಉಳಿದಿಲ್ಲ, ಈಗ ಹೆಂಗೆ ಕಂಡುಹಿಡಿಯೋದು?

ಮೊದ್ಲು ಯೋಚನೆ ಮಾಡಬೇಕಾದ್ದು ಅವರ ಅಪ್ಪ ಅಮ್ಮನ ಕೆಲಸ ಏನಿತ್ತು ಅಂತ. ದರ್ಜಿ ಮನೆ ಅಂದ್ರೆ ಇಸ್ತ್ರಿ ಬಿಸಿ ತಾಗಿದ ಒದ್ದೆ ಹತ್ತಿ ಬಟ್ಟೆ ಮತ್ತೆ ಹೊಲಿಗೆ ಮಿಷನ್ ಎಣ್ಣೆ, ಮೇಷ್ಟ್ರ ಮನೆ ಅಂದ್ರೆ ಹಳೇ ಪುಸ್ತಕ, ಪೆನ್ಸಿಲ್ ಹೆರೆದ ಸಿಪ್ಪೆ, ದನ ಸಾಕಿದ ಮನೆ ಅಂದ್ರೆ ಒಣಹುಲ್ಲು. ಆಮೇಲೆ ಅವರು ಈಗ ಆಡೋ ಮಾತನ್ನೇ ಕೇಳಿಸ್ಕೊಳ್ಳಿ, ಸಂಜೆ ಹೊತ್ತು ಯಾರನ್ನ ಕರೀತಾರೆ, ಯಾವ ಕೆಲಸ ಬಾಕಿ ಇದೆ ಅಂತಾರೆ, ಅದರಲ್ಲಿ ಸುಳಿವು ಇರತ್ತೆ. ಎಲ್ಲಾ ಕಡೆ ಇದ್ದಿರಬಹುದಾದ ನಾಲ್ಕೈದರಿಂದ ಶುರು ಮಾಡಿ: ಒದ್ದೆ ಮಣ್ಣು, ಒಣಹುಲ್ಲು, ಬಟ್ಟೆ ಸೋಪು, ಕಿತ್ತಳೆ ಸಿಪ್ಪೆ, ಹಳೇ ಪುಸ್ತಕ. ದಿನಕ್ಕೆ ಒಂದೇ ಒಂದು. ಒಂದು ನೋಟ್‌ಬುಕ್‌ನಲ್ಲಿ ವಾಸನೆ, ಹೊತ್ತು, ಮುಖ ಏನಾಯ್ತು, ಆಮೇಲಿನ ಅರ್ಧ ಗಂಟೆ ಹೆಂಗಿತ್ತು ಅಂತ ಒಂದೊಂದು ಸಾಲು ಬರೀರಿ. ಬರೀದಿದ್ರೆ ಚೆನ್ನಾಗಿ ಹೋಗಿದ್ದೊಂದೇ ನಮಗೆ ನೆನಪಿರೋದು.

ಲ್ಯಾವೆಂಡರ್ ಎಣ್ಣೆ ಹಾಕಿದ್ರೆ ಡಿಮೆನ್ಶಿಯಾದವರು ಶಾಂತ ಆಗ್ತಾರಂತೆ, ನಿಜಾನಾ?

ಗಟ್ಟಿ ಪುರಾವೆ ಇಲ್ಲ. ವೈದ್ಯಕೀಯ ಪ್ರಯೋಗಗಳನ್ನ ಒಟ್ಟುಗೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಅಲ್ಲಿವರೆಗಿನ 13 ಪ್ರಯೋಗಗಳನ್ನ ಒಟ್ಟಿಗೆ ನೋಡಿ, ಡಿಮೆನ್ಶಿಯಾಗೆ ಅರೋಮಾಥೆರಪಿ, ಅಂದ್ರೆ ಪರಿಮಳದ ಎಣ್ಣೆಗಳ ಚಿಕಿತ್ಸೆಯಿಂದ ಲಾಭ ಇದೆ ಅಂತ ನಂಬೋಷ್ಟು ಸಾಕ್ಷಿ ಸಿಕ್ಕಿಲ್ಲ ಅಂತ್ಲೇ ಹೇಳಿದ್ದು. ಕೆಲವು ಪ್ರಯೋಗದಲ್ಲಿ ಚೂರು ಅನುಕೂಲ ಕಂಡಿದೆ, ಕೆಲವು ಪ್ರಯೋಗದಲ್ಲಿ ಏನೂ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಲ್ಯಾವೆಂಡರನ್ನ ಜೀವನದಲ್ಲೇ ನೋಡಿರದವರಿಗೆ ಅದು ಪರಿಚಯ ಇಲ್ಲದ ಹೂವು ಅಷ್ಟೇ. ಇಷ್ಟಪಟ್ರೆ ಇಡಿ, ಅದಕ್ಕೋಸ್ಕರ ದುಡ್ಡು ಸುರೀಬೇಡಿ, ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಇದನ್ನ ಹಿಡ್ಕೊಳ್ಳೋದಂತೂ ಬೇಡವೇ ಬೇಡ.

## ಮಾಡೋ ರೀತಿ

ಎಷ್ಟು ಹತ್ರ ಹಿಡೀಬೇಕು, ಎಷ್ಟು ಹೊತ್ತು, ದಿನಕ್ಕೆ ಎಷ್ಟು?

ಮುಚ್ಚಳದಲ್ಲಿ ಸಣ್ಣ ತೂತು ಮಾಡಿರೋ ಪ್ಲಾಸ್ಟಿಕ್ ಡಬ್ಬಿ ಒಳ್ಳೇದು, ಒಳಗಿರೋದು ಬಾಯಿಗೆ ಹೋಗಲ್ಲ, ಬಿದ್ರೂ ಒಡೆಯಲ್ಲ. ಮೊದ್ಲು ನೀವು ಅವರ ಕಣ್ಣೆದುರೇ ಮೂಸಿ, ಆಮೇಲೆ ಡಬ್ಬಿನ ಅವರ ಕೈಗೇ ಕೊಡಿ. ಹಿಡ್ಕೊಳ್ಳೋಕೆ ಆಗದಿದ್ರೆ ಮಾತ್ರ ನೀವು ಹಿಡೀರಿ, ಮೂಗಿಂದ ಎರಡು ಮೂರು ಸೆಂಟಿಮೀಟರ್ ದೂರ, ಒಂದೆರಡು ಉಸಿರು ಅಷ್ಟೇ. ಹಿಂದಿನಿಂದ ಬಂದು ಮೂಗಿಗೆ ಒಡ್ಡಿದ್ರೆ ಯಾರಾದ್ರೂ ಬೆಚ್ಚಿಬೀಳ್ತಾರೆ.

ಆಮೇಲೆ ತೆಗೆದುಬಿಡಿ, ಸುಮ್ನಿರಿ. ಕಮ್ಮಿ ಅಂದ್ರೂ ಅರ್ಧ ನಿಮಿಷ, ಆದ್ರೆ ಒಂದೆರಡು ನಿಮಿಷ. ಉತ್ತರ ನಿಧಾನಕ್ಕೆ ಬರತ್ತೆ, ಆ ಮೌನ ತಡೀಲಾರದೆ ನಾವೇ ಮಾತು ತುಂಬಿಸಿ ಕೆಡಿಸ್ತೀವಿ. ಒಂದು ಕೂರೋದ್ರಲ್ಲಿ ಒಂದು ವಾಸನೆ, ತೀರಾ ಆಸಕ್ತಿ ತೋರಿಸಿದ್ರೆ ಎರಡು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಸಿ. ಇಡೀ ದಿನ ರೂಮಲ್ಲಿ ಪರಿಮಳ ಹರಡೋ ಡಿಫ್ಯೂಸರ್ ಓಡಿಸೋದು ಪ್ರಯೋಜನ ಇಲ್ಲ, ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಬಿಡತ್ತೆ, ಉಳಿಯೋದು ತಲೆನೋವು ಮಾತ್ರ. ಊಟದ ಹೊತ್ತಲ್ಲೂ ಬೇಡ, ಅಡುಗೆ ವಾಸನೆ ಜೊತೆ ಕಲಸಿಹೋಗತ್ತೆ.

"ಇದೇನು ಹೇಳಿ ಅಜ್ಜಿ" ಅಂತ ಕೇಳಿದ್ರೆ ಸಿಟ್ಟು ಮಾಡ್ಕೋತಾರೆ, ಏನ್ ಮಾಡ್ಲಿ?

ಕೇಳಬೇಡಿ. ಕಣ್ಣುಮುಚ್ಚಿ ಮೂಸಿದ್ರೆ ನಮಗೇ ದಿನಾ ಬಳಸೋ ವಸ್ತುವಿನ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲತ್ತೆ, ಅವರಿಗೆ ಅದು ಪರೀಕ್ಷೆ, ಅದರಲ್ಲೂ ಫೇಲಾಗೋದು ಗ್ಯಾರಂಟಿ ಇರೋ ಪರೀಕ್ಷೆ. "ನೆನಪಿದ್ಯಾ?" ಅನ್ನೋದೂ ಅದೇ ಜಾತಿ. ಅದರ ಬದ್ಲು ನೀವೇ ಹೇಳ್ಬಿಡಿ, "ಮರದ ಸಿಪ್ಪೆ ಅಜ್ಜಿ, ಘಮ್ ಅಂತಿದೆ ನೋಡಿ" ಅಂತ. ಏನಾದ್ರೂ ಹೇಳಿದ್ರೆ ಅದರ ಬಾಲ ಹಿಡ್ಕೊಂಡು ಹೋಗಿ. ಕಿತ್ತಳೆ ಸಿಪ್ಪೆ ಮೂಸಿ "ಅಣ್ಣ ಬಂದ" ಅಂದ್ರೆ "ಅಯ್ಯೋ ಇದು ಕಿತ್ತಳೆ, ಅಣ್ಣ ಎಲ್ಲಿಂದ ಬಂದ" ಅನ್ನೋದಲ್ಲ, "ಅಣ್ಣ ಏನ್ ತಂದಿದ್ದಾನೆ?" ಅನ್ನೋದು. ಹೇಳಿದ್ದು ನಿಜವೋ ಸುಳ್ಳೋ ಅಂತ ತೂಗೋಕೆ ಹೋಗಬೇಡಿ.

ಒಂದು ವಾಸನೆಗೆ ಅತ್ತುಬಿಟ್ರು, ತಪ್ಪಾಯ್ತಾ?

ಅಳು ಎಲ್ಲಾ ಕೆಟ್ಟದ್ದಲ್ಲ. ಅಳ್ತಾ ಅಳ್ತಾ ನಿಮ್ಮ ಕೈ ಹಿಡ್ಕೊಂಡ್ರು, ಡಬ್ಬಿ ಬಿಡ್ಲಿಲ್ಲ, ಆಮೇಲೆ ಸಮಾಧಾನ ಆದ್ರು ಅಂದ್ರೆ ಪಕ್ಕ ಕೂತಿರಿ ಸಾಕು. ಆದ್ರೆ ಮೈ ಬಿಗಿ ಆಯ್ತು, ಮುಖ ತಿರುಗಿಸಿದ್ರು, ಉಸಿರು ಜೋರಾಯ್ತು, ಎದ್ದು ಓಡೋಕೆ ನೋಡಿದ್ರು ಅಂದ್ರೆ ಅದು ಭಯ. ತಕ್ಷಣ ಡಬ್ಬಿ ಮುಚ್ಚಿ ಬೇರೆ ರೂಮಿಗೆ ಕಳಿಸಿ, ಕಿಟಕಿ ತೆಗೀರಿ, ಸಾಧ್ಯ ಆದ್ರೆ ಅವರನ್ನೂ ಜಾಗ ಬದಲಿಸಿ, ಯಾಕೆ ಅಂತ ಕೆದಕಬೇಡಿ. ಹೊಗೆ, ಸುಟ್ಟ ವಾಸನೆ, ಆಸ್ಪತ್ರೆಯ ಡೆಟ್ಟಾಲ್ ಥರದ್ದು, ಹೆಂಡ, ಇವುಗಳಲ್ಲಿ ಹೀಗಾಗೋದು ಜಾಸ್ತಿ. ಮನೆಗೆ ಬೆಂಕಿ ಬಿದ್ದಿದ್ದು, ಕುಡುಕ ಅಪ್ಪ, ಯುದ್ಧ, ಹೆರಿಗೆಲಿ ಹೋದ ಮಗು, ಇದೆಲ್ಲ ಮಕ್ಕಳಿಗೆ ಹೇಳಿರಲ್ಲ ಅವರು. ನೋಟ್‌ಬುಕ್‌ನಲ್ಲಿ ಆ ವಾಸನೆ ಮುಂದೆ "ಬೇಡ" ಅಂತ ಬರೆದು ಕೇರ್‌ಟೇಕರ್‌ಗೂ ತಿಳಿಸಿ.

ಯಾವುದನ್ನ ತರಲೇಬಾರ್ದು?

ನುಸಿಗುಳಿಗೆ ಮೊದಲನೇದು. ಹಳೇ ಪೆಟ್ಟಿಗೆ, ಹಳೇ ಸೀರೆ ವಾಸನೆ ಬೇಕು ಅಂತ ಬಹಳ ಜನ ಇದನ್ನ ಡಬ್ಬಿಗೆ ಹಾಕ್ತಾರೆ. ನೋಡೋಕೆ ಪೆಪ್ಪರ್ಮಿಂಟ್ ಥರ ಇರತ್ತೆ, ಬಾಯಿಗೆ ಹಾಕ್ಕೊಂಡ್ರೆ ವಿಷ, ಕೆಲವರಲ್ಲಿ ರಕ್ತಕಣಗಳೇ ಒಡೆದುಹೋಗತ್ತೆ. ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದ್ರೆ ಫಿಟ್ಸ್ ಬರಬಹುದು, ಬಾಟಲಿ ಕೈಗೆ ಸಿಗೋ ಕಡೆ ಇಡಬೇಡಿ. ಸೀಮೆಎಣ್ಣೆ, ಪೆಟ್ರೋಲು, ಪೇಂಟು ಬೇಡ, ಅವರು ಮೆಕ್ಯಾನಿಕ್ ಆಗಿದ್ರೂ ಬೇಡ, ಅದರ ಬದ್ಲು ಹಳೇ ಸ್ಪ್ಯಾನರ್‌ಗೆ ಒಂದು ಹನಿ ಮಿಷನ್ ಎಣ್ಣೆ ಒರೆಸಿ ಕೈಗೆ ಕೊಡಿ, ಕಬ್ಬಿಣದ ತಂಪೂ ಭಾರವೂ ಸೇರಿ ವಾಸನೆಗಿಂತ ಜಾಸ್ತಿ ಕೆಲಸ ಮಾಡತ್ತೆ, ಆಮೇಲೆ ಕೈ ತೊಳೆಸಿ. ಹತ್ತಿ ಉಂಡೆ, ಇಡೀ ಕಾಫಿ ಬೀಜ ಬಿಡಿಬಿಡಿಯಾಗಿ ಕೊಟ್ರೆ ಗಂಟಲಿಗೆ ಸಿಕ್ಕಬಹುದು. ಆಸ್ತಮಾ ಇರೋರಿಗೆ ಸ್ಪ್ರೇ, ಹೊಗೆ ಯಾವುದೂ ಬೇಡ.

## ಸ್ವಲ್ಪ ದಿನ ಮಾಡಿದವರು ಕೇಳೋದು

ಸ್ನಾನಕ್ಕೆ ಕರೆದ್ರೆ ಜಗಳ. ವಾಸನೆಯಿಂದ ಏನಾದ್ರೂ ಮಾಡಬಹುದಾ?

ಇಲ್ಲಿ ನೆನಪಿಗಿಂತ ಸುಳಿವು ಕೆಲಸ ಮಾಡತ್ತೆ. ಅವರ ಕಾಲದ್ದೇ ಅನ್ನಿಸೋ ಒಂದು ಸೋಪು ಗೊತ್ತುಮಾಡಿ, ಅದನ್ನ ಸ್ನಾನಕ್ಕೆ ಬಿಟ್ಟು ಬೇರೆ ಎಲ್ಲೂ ಬಳಸಬೇಡಿ. ಬಚ್ಚಲಲ್ಲಿ ಬಿಸಿನೀರಿನ ಬಕೆಟ್ಟಿಗೆ ಸೋಪನ್ನ ಮೊದ್ಲೇ ಸ್ವಲ್ಪ ಕದಡಿ ಬಾಗಿಲು ತೆಗೆದಿಡಿ, ಟವಲ್‌ಗೂ ಅದೇ ವಾಸನೆ ಇರ್ಲಿ, ಆಮೇಲೆ ಟವಲ್ ಕೈಗೆ ಕೊಟ್ಟು ಕರೀರಿ. ಮಾತಲ್ಲಿ "ಸ್ನಾನ" ಅಂದ್ರೆ ಆಜ್ಞೆ ಥರ ಕೇಳ್ಸತ್ತೆ, ವಾಸನೆಗೆ ಆ ಗುಣ ಇಲ್ಲ. ಇದು ರೂಢಿ ಆಗೋಕೆ ಕೆಲವು ವಾರ ಬೇಕು, ದಿನಾ ಅದೇ ಹೊತ್ತಿಗೆ ಅದೇ ಕ್ರಮ ಆದ್ರೆ ಮಾತ್ರ. ಆದ್ರೆ ಬಚ್ಚಲು ಚಳಿ ಇದ್ರೆ, ನೆಲ ಜಾರ್ತಿದ್ರೆ, ಬಟ್ಟೆ ಬಿಚ್ಚೋಕೆ ನಾಚಿಕೆ ಆಗ್ತಿದ್ರೆ ಯಾವ ಸೋಪೂ ಅದನ್ನ ಸರಿ ಮಾಡಲ್ಲ, ಮೊದ್ಲು ಅದನ್ನ ನೋಡಿ.

ಮೊದ್ಲು ಚೆನ್ನಾಗಿ ಕೆಲಸ ಮಾಡ್ತಿದ್ದ ವಾಸನೆಗೆ ಈಗ ಏನೂ ಇಲ್ಲ. ಕಾಯಿಲೆ ಜಾಸ್ತಿ ಆಯ್ತಾ?

ಮೊದ್ಲು ಡಬ್ಬಿನೇ ಮೂಸಿ ನೋಡಿ. ಮರದ ಸಿಪ್ಪೆ, ಕಾಫಿ ಪುಡಿ, ಸಿಪ್ಪೆ ಸೊಪ್ಪು ಎಲ್ಲಾ ಕೆಲವು ವಾರದಲ್ಲಿ ಪೇಲವ ಆಗತ್ತೆ, ಕಿತ್ತಳೆ ಸಿಪ್ಪೆ ಬೂಷ್ಟು ಹಿಡಿಯತ್ತೆ. ಹೊಸದು ಹಾಕಿ. ಅದು ಸರಿ ಇದ್ರೆ ನೆಗಡಿ ಇದ್ಯಾ, ಹೊಸ ಮಾತ್ರೆ ಶುರುವಾಗಿದ್ಯಾ ನೋಡಿ. ಅದೂ ಅಲ್ಲ ಅಂದ್ರೆ ದಿನಾ ಕೊಟ್ಟು ಸವೆಸಿರಬಹುದು, ಎರಡು ವಾರ ಬಿಟ್ಟು ಮತ್ತೆ ಪ್ರಯತ್ನ ಮಾಡಿ. ಈ ಎಲ್ಲಾ ಆದ್ಮೇಲೂ ಎರಡು ಡಬ್ಬಿ ಪರೀಕ್ಷೇಲಿ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ವಾಸನೆ ಗೊತ್ತಾಗೋ ಶಕ್ತಿನೇ ಹೋಗಿರಬಹುದು. ಹಾಗಲ್ಲದೆ ಒಂದೆರಡು ದಿನದಲ್ಲೇ ದಿಢೀರಂತ ಎಲ್ಲದಕ್ಕೂ ಮಂಕಾದ್ರೆ, ತೂಕಡಿಕೆ ಅಥವಾ ಗಲಿಬಿಲಿ ಜಾಸ್ತಿ ಆದ್ರೆ ವಾಸನೆ ವಿಷಯ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ, ಮೂತ್ರದ ಇನ್‌ಫೆಕ್ಷನ್ ಥರದ್ದು ವಯಸ್ಸಾದವರಲ್ಲಿ ಹೀಗೂ ಶುರುವಾಗಬಹುದು.

ಇಲ್ದಿರೋ ಸುಟ್ಟ ವಾಸನೆ ಬರ್ತಿದೆ ಅಂತಾರೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಡಬ್ಬಿಯಿಂದ ಆಗಿದ್ದಲ್ಲ. ಮೊದ್ಲು ನಿಜವಾಗ್ಲೂ ಏನೂ ಸುಡ್ತಿಲ್ಲ ತಾನೇ ಅಂತ ಒಂದು ಸುತ್ತು ಹೋಗಿ ಬನ್ನಿ, "ಇಲ್ಲ" ಅಂತ ಕೂತಲ್ಲೇ ವಾದ ಮಾಡೋದಕ್ಕಿಂತ ಅದು ಅವರಿಗೂ ಸಮಾಧಾನ. ಸೈನಸ್, ವೈರಸ್ ಜ್ವರ ಆದ್ಮೇಲೆ, ಕೆಲವೊಮ್ಮೆ ಫಿಟ್ಸ್‌ನ ಭಾಗವಾಗಿಯೂ ಇಲ್ಲದ ವಾಸನೆ ಬರತ್ತೆ. ಪದೇ ಪದೇ ಆದ್ರೆ, ಆ ಹೊತ್ತಲ್ಲಿ ಕಣ್ಣು ನೆಟ್ಟು ಮಂಕಾಗ್ತಿದ್ರೆ ನರರೋಗ ತಜ್ಞರಿಗೆ ಹೇಳಿ. ಅಲ್ಲಿವರೆಗೆ ಹೊಸ ವಾಸನೆ ಯಾವುದೂ ಕೊಡಬೇಡಿ.

ಅತ್ತೆ ಈಗ ಹಾಸಿಗೆ ಹಿಡಿದಿದ್ದಾರೆ, ಮಾತೇ ಇಲ್ಲ. ಇನ್ನೂ ಮಾಡಬಹುದಾ?

ಮಾಡಬಹುದು, ಆದ್ರೆ ನೆನಪು ಅನ್ನೋದನ್ನ ಬಿಟ್ಟು ಆರಾಮ ಅನ್ನೋದಕ್ಕೆ. ಹೊಸ ಡಬ್ಬಿಗಳ ಹಂಗಿಲ್ಲ, ಮೊದಲಿಂದ ಒಪ್ಪಿದ ಒಂದೋ ಎರಡೋ ಸಾಕು. ಕೈಗೆ ಹಚ್ಚೋ ಮಾಮೂಲಿ ಲೋಷನ್ನಿಗೆ ಅವರಿಗೆ ಪರಿಚಯದ ಪರಿಮಳದ್ದು ಸಿಕ್ಕಿದ್ರೆ ಅಂಗೈಯಿಂದ ಮೊಣಕೈವರೆಗೆ ನಿಧಾನಕ್ಕೆ ತಿಕ್ಕಿ, ಕೈಯೇ ವಾಸನೆ ತಗೊಂಡು ಹೋಗತ್ತೆ, ಮೂಗಿಗೆ ಏನೂ ಒಡ್ಡಬೇಕಾಗಿಲ್ಲ. ಮೊದಲ ದಿನ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ಹಚ್ಚಿ ಮಾರನೇ ದಿನ ಕೆಂಪಾಗಿದ್ಯಾ ನೋಡಿ, ಈ ವಯಸ್ಸಿನ ಚರ್ಮ ಕಾಗದ ಇದ್ದ ಹಂಗೆ. ಲ್ಯಾವೆಂಡರ್ ಥರದ ಪರಿಮಳದ ಶುದ್ಧ ಎಣ್ಣೆ ನೇರ ಹಚ್ಚಬೇಡಿ. ಅವರ ಕಡೆಯಿಂದ ಉತ್ತರ ಅಂದ್ರೆ ಹಣೆ ಗಂಟು ಬಿಡೋದು, ಮುಷ್ಟಿ ಸಡಿಲ ಆಗೋದು, ಉಸಿರಿನ ಲಯ ನಿಧಾನ ಆಗೋದು. ಮುಖ ಗೋಡೆ ಕಡೆ ತಿರುಗಿಸಿದ್ರೆ ಬೇಡ ಅಂತ ಅರ್ಥ. ಆಸ್ಪತ್ರೆಗೋ ಬೇರೆ ಮನೆಗೋ ಸಾಗಿಸೋ ಪ್ರಸಂಗ ಬಂದ್ರೆ ಅವರು ಮಲಗಿದ್ದ ದಿಂಬಿನ ಕವರನ್ನ ಒಗೆಯದೆ ಹಂಗೇ ಜೊತೆಗೆ ಕಳಿಸಿ, ಒಗೆದ ಬಿಳೀ ಕವರು ಅಲ್ಲಿ ಹೇಗೂ ಇರತ್ತೆ.